ಮೇಷ್ಟ್ರ ಮನೆಯ ಏಳನೇ ಬಕೆಟ್

ನಮ್ಮ ಲಿಫ್ಟಿನೊಳಗೆ ಕಳೆದ ವಾರ ಒಂದು ನೋಟಿಸ್ ಅಂಟಿಸಿದ್ದರು. ಟೆರೇಸ್ ವಾಟರ್‌ಪ್ರೂಫಿಂಗ್‌ಗೆ ಪ್ರತಿ ಫ್ಲ್ಯಾಟಿನಿಂದ 36,667 ರೂಪಾಯಿ, ಹದಿನೈದು ದಿನದೊಳಗೆ. ಲಿಫ್ಟ್ ಕೆಟ್ಟು ಕೂತಿತ್ತಲ್ಲ, ಹಾಗಾಗಿ ಅದನ್ನು ಮೊದಲು ಓದಿದ್ದು ರಿಪೇರಿಗೆ ಬಂದ ಹುಡುಗ. 'ಸಾರ್, ನಿಮ್ಗೆಲ್ಲ ದೊಡ್ಡ ಬಿಲ್ ಬಂದೈತೆ' ಅಂತ ಅವನೇ ಸುದ್ದಿ ಮುಟ್ಟಿಸಿದ.

ಕೂಡಲೇ ವಾಟ್ಸಾಪ್ ಗ್ರೂಪು ಎದ್ದು ಕೂತಿತು. 8 ಲಕ್ಷ 80 ಸಾವಿರವನ್ನು 24 ಮನೆಗೆ ಹಂಚಿದರೆ 36,666 ರೂಪಾಯಿ 67 ಪೈಸೆ ಬರುತ್ತೆ, ಮಿಕ್ಕ 33 ಪೈಸೆ ಯಾರ ಜೇಬಿಗೆ ಹೋಯಿತು ಅಂತ ಒಬ್ಬರು ಕೇಳಿದರು. ಒಂದೂವರೆ ಗಂಟೆ ಚರ್ಚೆಯಾಯಿತು. ನಮ್ಮ ತುಮಕೂರಿನ ಜನ ಲೆಕ್ಕದಲ್ಲಿ ಎಷ್ಟು ಚುರುಕು ಅಂತ ನನಗೆ ಹೆಮ್ಮೆ ಆಯಿತು. ಟೆರೇಸ್ ಯಾಕೆ ಸೋರುತ್ತಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಸೋರುತ್ತಿರುವುದು 401ರಲ್ಲಿರುವ ರಿಟೈರ್ಡ್ ಮೇಷ್ಟ್ರ ಮನೆ. ಹಸ್ತ, ಚಿತ್ತೆ ಮಳೆ ಹಿಡಿದರೆ ಅವರ ಹಾಲ್‌ನಲ್ಲಿ ಆರು ಬಕೆಟ್. ಯಾವ ಬಕೆಟ್ ಎಲ್ಲಿ ಇಡಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಹಾಕಿಟ್ಟಿದ್ದಾರೆ. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟ ಕೈ, ವೃತ್ತಗಳು ಬಲು ಚೆನ್ನಾಗಿವೆ.

ಮನೆ ತಗೊಳ್ಳುವಾಗ ಬ್ಯಾಂಕಿನವರು ನನ್ನ ಸಂಬಳ, ಹೆಂಡತಿ ಸಂಬಳ, ಎರಡು ವರ್ಷದ ರಿಟರ್ನ್ಸು ಎಲ್ಲ ಕೇಳಿದರು. ಮನೆಗೆ ಬಂದ ಮೇಲೆ ಇನ್ನೇನು ಖರ್ಚಿದೆ ಅಂತ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ ಬಿಡಿ. ಚದರಡಿಗೆ ಎರಡೂವರೆ ರೂಪಾಯಿಯಂತೆ 1,150 ಚದರಡಿಗೆ ತಿಂಗಳಿಗೆ 2,875 ಮೇಂಟೆನೆನ್ಸು. ಅದು ವಾಚ್‌ಮನ್, ಕಸ, ಕಾರಿಡಾರ್ ಲೈಟು, ಸಂಪಿನ ಮೋಟಾರಿಗೇ ಸರಿಹೋಗುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಬೇರೆ.

ಇನ್ನು ಮನೆ ಕಂದಾಯ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಅಂತ ನಾನು ಪ್ರತಿ ವರ್ಷ ಓಡಿ ಹೋಗಿ ಕಟ್ಟುವವನು. 4,000 ತೆರಿಗೆಗೆ 200 ಉಳಿಸಿದೆ ಅಂತ ಖುಷಿಯಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತೇನೆ. ಈ ಸಲ ಇಡ್ಲಿ ಬರುವುದು ತಡವಾಯಿತು ಅಂತ ರಸೀದಿ ಬಿಚ್ಚಿ ಓದಿದೆ. ತೆರಿಗೆಯ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ. 600, 240, 120. ಉಳಿಸಿದ ಇನ್ನೂರು ಎಲ್ಲಿ ಹೋಯಿತು ಅಂತ ಆಮೇಲೆ ಗೊತ್ತಾಯಿತು.

ಗ್ರಂಥಾಲಯ ಕರ 1965ರ ಕಾಯ್ದೆಯದು. ನನ್ನ ಮಗ ಲೈಬ್ರರಿ ಮುಖ ನೋಡಿಲ್ಲ, ಆದರೆ ನಮ್ಮ ಸ್ವಂತ ಮನೆಯ ದೆಸೆಯಿಂದ ಊರಿನಲ್ಲಿ ಯಾರೋ ಪೇಪರ್ ಓದುತ್ತಿದ್ದಾರೆ, ಒಳ್ಳೆಯದೇ. ಭಿಕ್ಷುಕರ ಕರದ ಹಿಂದೆ ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಿ ನೋಡಿಕೊಳ್ಳಲಿಕ್ಕೆ ಆ ದುಡ್ಡು. ಮೊದಲು ಈ 120 ರೂಪಾಯಿ ನೋಡಿ ನಗು ಬಂತು. 36,667ರ ನೋಟಿಸ್ ಬಂದ ಮೇಲೆ ಅದನ್ನು ಇನ್ಶೂರೆನ್ಸ್ ಕಂತು ಅಂತ ಅಂದುಕೊಂಡಿದ್ದೇನೆ.

ಇರಲಿ, ಟೆರೇಸಿಗೆ ಬರೋಣ. ಮೂರು ವರ್ಷದ ಹಿಂದೆಯೂ ಸೋರಿತ್ತು. ಆಗ ಸುಮಾರು 8,000 ಚದರಡಿಗೆ ಚದರಡಿ 30 ರೂಪಾಯಿಯಂತೆ ಬಿಳಿ ಕೋಟಿಂಗ್ ಹೊಡೆಸಿದೆವು. ಮನೆಗೆ ಹತ್ತು ಸಾವಿರ. ನೋಡಲಿಕ್ಕೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಇತ್ತು, ಸೆಲ್ಫಿ ತಗೊಂಡವರೂ ಇದ್ದಾರೆ. ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಈ ಸಲ ಬಂದ ಮೇಸ್ತ್ರಿ ಹಳಬ. ಕೊಟೇಶನ್ ಕೊಡುವ ಮೊದಲು ಒಂದು ಕೊಡ ನೀರು ತರಿಸಿ ಟೆರೇಸಿನ ನಡುವೆ ಸುರಿದ. ನೀರು ಪೈಪಿನ ಕಡೆ ಹೋಗಲಿಲ್ಲ. ಮೂಲೆಗೆ ಹೋಗಿ ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ನಿಂತಿತು. 'ವಾಟಾನೇ ಸರಿ ಇಲ್ಲ ಸಾರ್. ಇದ್ರ ಮೇಲೆ ಬಂಗಾರ ಬಳಿದ್ರೂ ಸೋರುತ್ತೆ' ಅಂದ. ಗೋಡೆ ಮತ್ತು ಸ್ಲ್ಯಾಬ್ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ನೀರು ನಿಂತಷ್ಟು ಹೊತ್ತೂ ಅಲ್ಲಿಂದ ಇಳಿಯುತ್ತೆ. ಸ್ಲ್ಯಾಬಿನೊಳಗೇ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತೆ. ಅದಕ್ಕೇ ಮೇಷ್ಟ್ರ ಹಾಲ್‌ನ ನಡುವೆ ಬಕೆಟ್ ಇದೆ, ಬಿರುಕು ಮಾತ್ರ ಮೂಲೆಯಲ್ಲಿ.

ಅವನು ಹೇಳಿದ ಕೆಲಸ ಇಷ್ಟು: ಹಳೇ ಕೋಟಿಂಗ್ ಕೆರೆದು ತೆಗೆಯಬೇಕು, ಬಿರುಕು ಬಿಡಿಸಿ ತುಂಬಬೇಕು, ಪೈಪಿನ ಕಡೆಗೆ ಹೊಸದಾಗಿ ವಾಟ ಕೊಡಬೇಕು, ಗೋಡೆಯ ಬುಡವನ್ನು ಗುಂಡಗೆ ಮಾಡಬೇಕು. ಆಮೇಲೆ ಪೈಪಿನ ಬಾಯಿ ಮುಚ್ಚಿ ಎರಡಿಂಚು ನೀರು ನಿಲ್ಲಿಸಿ ಎರಡು ದಿನ ಕೆಳಗೆ ಸೂರು ನೋಡಬೇಕು. ಒದ್ದೆ ಕಾಣದಿದ್ದರೆ ಮಾತ್ರ ಕೊನೇ ಕಂತಿನ ದುಡ್ಡು. ಚದರಡಿಗೆ 110. ಮೂರು ವರ್ಷದ ಹಿಂದೆ ಕೋಟಿಂಗ್ ಹೊಡೆದವನು ಯಾವ ನೀರೂ ನಿಲ್ಲಿಸಲಿಲ್ಲ. ದುಡ್ಡು ತಗೊಂಡು ಹೋದ.

ಭಾನುವಾರ ಮೀಟಿಂಗ್. ಮೊದಲ ಮಹಡಿಯ ಒಬ್ಬರು ಎದ್ದು, 'ಸೋರೋದು ನಾಲ್ಕನೇ ಫ್ಲೋರು, ಆ ಆರು ಮನೆಯವರು ಹಾಕ್ಕೊಳ್ಳಲಿ' ಅಂದರು. ಚಪ್ಪಾಳೆ ಬಿತ್ತು. ಸೆಕ್ರೆಟರಿ ಪಾಪ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಿಂಟ್ ತಂದಿದ್ದರು. ಸಾಮಾನ್ಯ ಜಾಗದ ಪಟ್ಟಿಯಲ್ಲಿ ಪಾಯ, ಕಂಬ, ತೊಲೆ, ಮೆಟ್ಟಿಲ ಜೊತೆ ಸೂರೂ ಇದೆ. 'ನಾನು ಟೆರೇಸಿಗೆ ಹೋಗಲ್ಲ' ಅಂದ ಮಾತ್ರಕ್ಕೆ ಪಾಲು ತಪ್ಪುವುದಿಲ್ಲ. ಹಾಗೆ ನೋಡಿದರೆ ಪಾಯ ಕುಸಿದರೆ ನಾಲ್ಕನೇ ಮಹಡಿಯವರೂ 'ನಮಗೇನು, ಅದು ಕೆಳಗಿದೆ' ಅನ್ನಬಹುದಲ್ವಾ?

ಇಷ್ಟರಲ್ಲಿ ಮೇಷ್ಟ್ರು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಟೇಬಲ್ ಮೇಲಿಟ್ಟರು. ಹಿಂದಿನ ರಾತ್ರಿ ಸೂರಿನಿಂದ ಬಿದ್ದ ಗಾರೆಯ ಚೂರು. ಒಂದು ಮಗ್ಗುಲು ಕೆಂಪಗೆ ತುಕ್ಕು ಹತ್ತಿತ್ತು. ತುಕ್ಕು ಹಿಡಿದ ಕಂಬಿ ಉಬ್ಬುತ್ತೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತೆ. ಅಲ್ಲಿಗೆ ಬಂದ ಮೇಲೆ ಅದು ವಾಟರ್‌ಪ್ರೂಫಿಂಗ್ ಕೆಲಸವಲ್ಲ, ಸ್ಲ್ಯಾಬ್ ರಿಪೇರಿ. ಮೇಷ್ಟ್ರು ಏನೂ ಮಾತಾಡಲಿಲ್ಲ. ಮೂರು ಮಳೆಗಾಲದಿಂದ ಎಪ್ಪತ್ತು ದಾಟಿದ ಗಂಡ ಹೆಂಡತಿ ರಾತ್ರಿ ಎದ್ದು ಬಕೆಟ್ ಚೆಲ್ಲುತ್ತಿದ್ದಾರೆ. ನಾವು 23 ಮನೆಯವರು ಓದಿದವರು, ಕಾರಿಟ್ಟವರು, 33 ಪೈಸೆ ಹುಡುಕುತ್ತಿದ್ದೇವೆ. ನಾಚಿಕೆ ಆಗಬೇಕು. ಆಗಲಿಲ್ಲ, ಕಾಫಿ ಬಂತು.

ಸೆಕ್ರೆಟರಿ ಹಳೇ ಮಿನಿಟ್ಸ್ ಪುಸ್ತಕ ತೆಗೆದರು. ಹತ್ತು ವರ್ಷದ ಹಿಂದೆ, ರಿಪೇರಿಗೆ ಅಂತ ಮನೆಗೆ ತಿಂಗಳಿಗೆ 300 ರೂಪಾಯಿ ಬೇರೆ ಖಾತೆಗೆ ಹಾಕೋಣ ಅಂತ ಒಂದು ಸಲಹೆ ಬಂದಿತ್ತಂತೆ. ಹಾಕಿದ್ದರೆ ವರ್ಷಕ್ಕೆ 86,400. ಇವತ್ತಿಗೆ, ಬಡ್ಡಿ ಬಿಟ್ಟು, 8 ಲಕ್ಷ 64 ಸಾವಿರ. ಮನೆಗೆ ಆರುನೂರು ಚಿಲ್ಲರೆ ಕೂಡಿಸಿದ್ದರೆ ಮುಗೀತಿತ್ತು. 'ಬಿಲ್ಡಿಂಗ್ ಹೊಸದು, ಈಗಲೇ ಯಾಕೆ' ಅಂತ ಒಬ್ಬ ಸದಸ್ಯರು ವಿರೋಧಿಸಿದ್ದರಿಂದ ಕೈಬಿಡಲಾಯಿತು ಅಂತ ಬರೆದಿತ್ತು. ಸೆಕ್ರೆಟರಿ ಒಳ್ಳೆಯವರು, ಹೆಸರು ಓದಲಿಲ್ಲ. ಬರೀ ನನ್ನ ಕಡೆ ನೋಡಿದರು.

ಮೂರು ಕೊಟೇಶನ್ ತರಿಸಿ ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂತ ತೀರ್ಮಾನವಾಯಿತು. ರಾತ್ರಿ ಒಂಬತ್ತಕ್ಕೆ ದೇವರಾಯನದುರ್ಗದ ಕಡೆಯಿಂದ ಗುಡುಗು. ಹತ್ತಕ್ಕೆ ಮೇಷ್ಟ್ರ ಫೋನು.

'ಮಲಗಿಬಿಟ್ರಾ? ಏನಿಲ್ಲ, ನಿಮ್ಮನೇಲಿ ಒಂದು ಬಕೆಟ್ ಜಾಸ್ತಿ ಇದ್ಯಾ? ಏಳನೇದು ಶುರು ಆಯ್ತು.'

ಲಿಫ್ಟ್ ಇನ್ನೂ ರಿಪೇರಿ ಆಗಿರಲಿಲ್ಲ. ಬಕೆಟ್ ಹಿಡಿದು ಮೆಟ್ಟಿಲು ಹತ್ತಿದೆ.