ಊರನ್ನೇ ಕೊಂಡ ವಿದ್ಯುತ್ ಸ್ಥಾವರ: ಹೊಗೆಯ ಚೌಕಾಸಿ ಎಲ್ಲಿಯವರೆಗೆ ನಡೆಯುತ್ತದೆ?

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಬರೆದ ಒಂದು ಲೇಖನವನ್ನು ಇಂದಿಗೂ ಅರ್ಧ ಮಾತ್ರ ಉಲ್ಲೇಖಿಸುತ್ತಾರೆ. "ಕಾರ್ಖಾನೆಯೂ ಅಕ್ಕಪಕ್ಕದವರೂ ಕೂತು ಮಾತಾಡಿಕೊಂಡರೆ ಸಾಕು, ಸರ್ಕಾರ ನಡುವೆ ಬರಬೇಕಿಲ್ಲ" ಎಂಬುದು ಆ ಅರ್ಧ. ಮಾತಾಡಿಕೊಳ್ಳಲು ತಗಲುವ ಖರ್ಚಿನ ಬಗ್ಗೆ ಕೋಸ್ ಹೇಳಿದ್ದು ಉಳಿದರ್ಧ. ನನ್ನ ಮಟ್ಟಿಗೆ ಅದೇ ಮುಖ್ಯ.

ಮೊದಲು ಒಂದು ಲೆಕ್ಕ ನೋಡಿ. ಕಾರ್ಖಾನೆಯ ಹೊಗೆಯಿಂದ ಹತ್ತು ಮನೆಗಳಿಗೆ ವರ್ಷಕ್ಕೆ ತಲಾ 40 ಸಾವಿರದಂತೆ ಒಟ್ಟು 4 ಲಕ್ಷ ರೂಪಾಯಿ ನಷ್ಟ ಅಂತಿಟ್ಟುಕೊಳ್ಳಿ. ಹೊಗೆ ತಡೆಯುವ ಫಿಲ್ಟರ್‌ಗೆ ವರ್ಷಕ್ಕೆ ಎರಡೂವರೆ ಲಕ್ಷ ಬೇಕು. ಶುದ್ಧ ಗಾಳಿಯ ಹಕ್ಕು ಮನೆಯವರದ್ದಾದರೆ, 4 ಲಕ್ಷ ಪರಿಹಾರ ಕೊಡುವ ಬದಲು ಕಾರ್ಖಾನೆಯೇ ಫಿಲ್ಟರ್ ಹಾಕಿಸುತ್ತದೆ. ಹೊಗೆ ಬಿಡುವ ಹಕ್ಕು ಕಾರ್ಖಾನೆಯದ್ದಾದರೆ ಮನೆಯವರು ತಲಾ 25 ಸಾವಿರ ಹಾಕಿ ಅದೇ ಫಿಲ್ಟರ್ ಹಾಕಿಸುತ್ತಾರೆ. ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಬದಲಾಯಿತು, ಫಿಲ್ಟರ್ ಮಾತ್ರ ಎರಡೂ ಕಡೆ ಬಂತು.

ಈಗ ಆ ಹತ್ತು ಮನೆಯವರು ಸಭೆ ಸೇರಲು, ವಕೀಲರನ್ನಿಡಲು, ಕರಾರು ಬರೆಸಲು, ಆಮೇಲೆ ಫಿಲ್ಟರ್ ನಿಜಕ್ಕೂ ಓಡುತ್ತಿದೆಯೇ ಎಂದು ನೋಡಿಕೊಳ್ಳಲು ತಲಾ 20 ಸಾವಿರ ಖರ್ಚಾಗುತ್ತದೆ ಎನ್ನಿ. ಅಲ್ಲಿಗೆ ಒಟ್ಟು ನಾಲ್ಕೂವರೆ ಲಕ್ಷವಾಯಿತು. ನಷ್ಟವೇ 4 ಲಕ್ಷ ಇರುವಾಗ ಅಷ್ಟು ಯಾರು ಹಾಕುತ್ತಾರೆ? ಹಕ್ಕು ಕಾರ್ಖಾನೆಯ ಕಡೆಗಿದ್ದರೆ ಹೊಗೆ ಹಾಗೇ ಉಳಿಯುತ್ತದೆ, ಮನೆಗಳ ಕಡೆಗಿದ್ದರೆ ನಿಲ್ಲುತ್ತದೆ. ಕಾನೂನು ಯಾರ ಪರ ಎಂಬುದು ಈಗ ಗಾಳಿಯನ್ನೇ ನಿರ್ಧರಿಸುತ್ತದೆ. ಇದರ ಮೇಲೆ, "ಉಳಿದವರು ಕಟ್ಟಲಿ, ಗಾಳಿ ನನಗೂ ಸಿಗುತ್ತದಲ್ಲ" ಎಂದು ಹಿಂದೆ ಸರಿಯುವ ಒಬ್ಬನಿದ್ದರೆ ಇನ್ನೂ ಕಷ್ಟ.

ಇದು ನಿಜಜೀವನದಲ್ಲಿ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಓಹಾಯೋ ರಾಜ್ಯದ ಚೆಶೈರ್ ನನಗೆ ಸದಾ ನೆನಪಾಗುತ್ತದೆ. ನದಿ ದಂಡೆಯ ಈ ಹಳ್ಳಿಯಲ್ಲಿ 2000ದ ಜನಗಣತಿಯಂತೆ 221 ಜನ. ಪಕ್ಕದಲ್ಲೇ 2600 ಮೆಗಾವಾಟ್‌ನ ಗ್ಯಾವಿನ್ ಕಲ್ಲಿದ್ದಲು ಸ್ಥಾವರ, ಆಗಿನ ಮಾಲೀಕರು ಅಮೆರಿಕನ್ ಎಲೆಕ್ಟ್ರಿಕ್ ಪವರ್ ಕಂಪನಿಯವರು. 2001ರಲ್ಲಿ ಅಲ್ಲಿ ನೈಟ್ರೋಜನ್ ಆಕ್ಸೈಡ್ ಇಳಿಸುವ ಹೊಸ ಉಪಕರಣ ಹಾಕಿದರು. ನೈಟ್ರೋಜನ್ ಆಕ್ಸೈಡ್ ಗಾಳಿಯಲ್ಲಿ ಪೂರ್ವದ ರಾಜ್ಯಗಳವರೆಗೂ ಹೋಗಿ ಅಲ್ಲಿ ಓಝೋನ್ ಮಾಲಿನ್ಯಕ್ಕೆ ಕಾರಣವಾಗುತ್ತಿತ್ತು. ಆದರೆ ಗಂಧಕ ಹೆಚ್ಚಿರುವ ಕಲ್ಲಿದ್ದಲು ಉರಿಸುವಾಗ ಅದೇ ಉಪಕರಣದ ವೇಗವರ್ಧಕ ಸಲ್ಫರ್ ಡೈಆಕ್ಸೈಡ್‌ನ ಒಂದು ಪಾಲನ್ನು ಟ್ರೈಆಕ್ಸೈಡ್ ಮಾಡಿತು. ಅದು ನೀರಾವಿಯೊಂದಿಗೆ ಸೇರಿ ಗಂಧಕಾಮ್ಲದ ಹನಿಗಳಾಯಿತು. ಸೆಕೆಯ ದಿನಗಳಲ್ಲಿ ನೀಲಿ ಹೊಗೆ ಊರಿನ ಮೇಲೇ ಇಳಿದು ಜನರ ಕಣ್ಣು, ಗಂಟಲು ಉರಿಯತೊಡಗಿದವು. ದೂರದವರಿಗಾಗಿ ಮಾಡಿದ ಉಪಾಯ ಹತ್ತಿರದವರಿಗೆ ಹೊಡೆಯಿತು. ಒಬ್ಬರ ತೊಂದರೆ ತಪ್ಪಿಸಿದರೆ ಅದು ಇನ್ನೊಬ್ಬರ ತಲೆಗೆ ಬರುತ್ತದೆ ಎಂಬ ಕೋಸ್ ಮಾತನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಕರಣ ನನಗೆ ಬೇರೆ ಗೊತ್ತಿಲ್ಲ.

2002ರಲ್ಲಿ ಕಂಪನಿ ಸುಮಾರು 2 ಕೋಟಿ ಡಾಲರ್ ಕೊಟ್ಟು ಊರನ್ನೇ ಕೊಳ್ಳಲು ಒಪ್ಪಿತು. ಮನೆಗಳಿಗೆ ಮಾರುಕಟ್ಟೆ ಬೆಲೆಗಿಂತ ಬಹಳ ಹೆಚ್ಚು ಸಿಕ್ಕಿತು. ಮಾರಿದವರು ಮುಂದೆ ದಾವೆ ಹೂಡುವುದಿಲ್ಲ ಎಂದು ಬರೆದುಕೊಟ್ಟರು. ಬಹುತೇಕರು ಊರು ಬಿಟ್ಟರು.

ಈ ಒಪ್ಪಂದ ಏಕೆ ಕೂಡಿ ಬಂತು? ಒಂದು ಕಡೆ ಒಂದೇ ಕಂಪನಿ, ಇನ್ನೊಂದು ಕಡೆ ಪರಸ್ಪರ ಗುರುತಿರುವ, ಒಟ್ಟಾಗಿ ವಕೀಲರನ್ನಿಟ್ಟುಕೊಂಡ ಕೆಲವೇ ಮನೆಗಳು. ಹೊಗೆ ಯಾರದ್ದೆಂದು ಕಣ್ಣಿಗೇ ಕಾಣುತ್ತಿತ್ತು, ದಾವೆಯ ಭಯವೂ ಇತ್ತು. ಅಂದರೆ ಚೌಕಾಸಿಯ ಖರ್ಚು ಕಡಿಮೆ. ಹಾಗಂತ ಇದನ್ನು ಪೂರ್ತಿ ಗೆಲುವು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆ ಬೆಲೆಗೆ ಮನೆಗಳು ಬಂದವು ನಿಜ, ಆದರೆ ನೆರೆಹೊರೆ ಎಂಬುದು ಎಲ್ಲರೂ ಇದ್ದರೆ ಮಾತ್ರ ಇರುವಂಥದ್ದು. ಹತ್ತು ಮನೆ ಹೋದಮೇಲೆ ಹನ್ನೊಂದನೆಯವರ ಪಾಲಿಗೆ ಉಳಿದದ್ದು ಖಾಲಿ ಬೀದಿ. ಅವರ "ಒಪ್ಪಿಗೆ"ಯಲ್ಲಿ ಆ ಒತ್ತಡವೂ ಇರುತ್ತದೆ.

ಈಗ ಅದೇ ಸ್ಥಾವರದ ಸುಮಾರು 830 ಅಡಿ ಎತ್ತರದ ಚಿಮಣಿಗಳಿಂದ ನೂರಾರು ಕಿಲೋಮೀಟರ್ ಪೂರ್ವಕ್ಕೆ ಹೋದ ಹೊಗೆಯನ್ನು ಯೋಚಿಸಿ. ಅಲ್ಲಿ ಉಸಿರಾಡುವ ಲಕ್ಷಾಂತರ ಜನರಲ್ಲಿ ಪ್ರತಿಯೊಬ್ಬರ ನಷ್ಟ ಸಣ್ಣದು. ಯಾವ ಸ್ಥಾವರದ್ದು ಎಷ್ಟು ಪಾಲು ಎಂದು ಯಾರಿಗೂ ಕಾಣದು. ಚೌಕಾಸಿ ಆರಂಭವಾಗುವ ಮೊದಲೇ ಖರ್ಚು ಅದನ್ನು ನುಂಗುತ್ತದೆ. ಹಾಗಾಗಿ ಅವರ ಪರವಾಗಿ ಕಾನೂನು ಬರಲೇಬೇಕಾಯಿತು. ಸಲ್ಫರ್ ಡೈಆಕ್ಸೈಡ್ ವಿಷಯದಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆಯ 1990ರ ತಿದ್ದುಪಡಿ ಒಟ್ಟು ಎಷ್ಟು ಬಿಡಬಹುದೆಂಬ ಮಿತಿ ಹಾಕಿ ಪರವಾನಗಿಗಳನ್ನು ಹಂಚಿತು, ಅವುಗಳ ಕೊಡುಕೊಳ್ಳುವಿಕೆಯನ್ನು ಸ್ಥಾವರಗಳಿಗೇ ಬಿಟ್ಟಿತು. ಚಿಮಣಿಗೆ ಸದಾ ಅಳೆಯುವ ಯಂತ್ರ ಕೂರಿಸಿದ್ದರಿಂದ ಯಾರು ಎಷ್ಟು ಬಿಟ್ಟರು ಎಂಬ ಜಗಳವೂ ತಗ್ಗಿತು. 1995ರಲ್ಲಿ ಇದು ಜಾರಿಗೆ ಬಂತು. ಚೌಕಾಸಿ ಇಲ್ಲೂ ಉಂಟು, ಆದರೆ ಅದನ್ನು ಅಗ್ಗವಾಗಿ ಮಾಡಬಲ್ಲವರ ನಡುವೆ ಮಾತ್ರ. ಆದ್ದರಿಂದ "ಜನರೇ ಕಂಪನಿಯ ಜೊತೆ ಮಾತಾಡಿಕೊಳ್ಳಲಿ" ಎಂದು ಯಾರಾದರೂ ಹೇಳಿದಾಗ ನಾನು ಕೇಳುವುದು ಇಷ್ಟೇ: ಹೊಗೆ ಎಷ್ಟು ಮನೆ ದಾಟುತ್ತದೆ, ಅವರನ್ನೆಲ್ಲ ಒಂದೆಡೆ ಕೂರಿಸುವ ಖರ್ಚು ಯಾರದ್ದು?