ಬೆವರುಸಾಲೆಗೆ ಎಣ್ಣೆ-ಪೌಡರ್ ಮದ್ದಲ್ಲ

“ಮುಖ, ಕುತ್ತಿಗೆಯ ಬೆವರುಸಾಲೆಗೆ ರಾತ್ರಿ ತೆಂಗಿನೆಣ್ಣೆ ದಪ್ಪಗೆ ಹಚ್ಚಿ, ಮೇಲೆ ಪೌಡರ್ ಉದುರಿಸಿ ಮಲಗಿ. ಬೆಳಿಗ್ಗೆಗೆ ಮಾಯ!”

ಮಾಯ ಆಗುವುದಿಲ್ಲ, ಜಾಸ್ತಿಯಾಗಬಹುದು. ಬೆವರು ಹೊರಬರುವ ಸಣ್ಣ ನಾಳ ಕಟ್ಟಿಕೊಂಡು, ಬೆವರು ಚರ್ಮದೊಳಗೇ ಉಳಿದಾಗ ಈ ಬೊಕ್ಕೆಗಳು ಏಳುತ್ತವೆ. ಅದರ ಮೇಲೆ ದಪ್ಪ ಎಣ್ಣೆ ಬಳಿದರೆ ಇದ್ದ ದಾರಿಯೂ ಮುಚ್ಚುತ್ತದೆ. ಪೌಡರ್ ಬೆವರಿಗೆ ಕಲಸಿ ಕುತ್ತಿಗೆಯ ಮಡಿಕೆಯಲ್ಲಿ ಬಿಳಿ ಗೆರೆಯಾಗಿ ಕೂರುತ್ತದೆ, ನೋಡಿರುತ್ತೀರಿ ಅಲ್ವಾ?

ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಿ ಬೆವರು ಬೇಗ ಆರುವುದೇ ಇಲ್ಲ. ಅಂಗಳದಲ್ಲಿ ಅಡಿಕೆ ಹರಗಿ ಒಳಬಂದವರ ಕುತ್ತಿಗೆ ನೋಡಿ: ಸರ ಉಜ್ಜುವ ಕಡೆ, ಕಾಲರ್ ತಾಗುವ ಕಡೆಯೇ ಕೆಂಪು ಚುಕ್ಕೆ. ಮೊದಲು ಸರ ತೆಗೆದಿಡಿ. ತಣ್ಣೀರಲ್ಲಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಸುಮ್ನೆ ಇಟ್ಟುಕೊಳ್ಳಿ, ತಿಕ್ಕಬೇಡಿ. ಆಮೇಲೆ ಫ್ಯಾನ್ ಗಾಳಿಗೆ ಪೂರ್ತಿ ಆರಲಿ. ತುರಿಕೆ ಇದ್ದರೆ ಕ್ಯಾಲಮೈನ್ ಲೋಷನ್ ತೆಳುವಾಗಿ ಸಾಕು, ಕಣ್ಣಿನ ಹತ್ತಿರ ಬೇಡ. ಮೆಡಿಕಲ್‌ನವರು ಕೊಡುವ ಸ್ಟಿರಾಯ್ಡ್ ಕ್ರೀಮನ್ನು ಮುಖಕ್ಕೆ ಡಾಕ್ಟರ್ ಹೇಳದೆ ಹಚ್ಚಲೇಬೇಡಿ.

ತಂಪಾಗಿಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಕೀವು, ನೋವು, ಜ್ವರ ಬಂದರೆ, ಅಥವಾ ಉಂಗುರದಂತೆ ಅಂಚು ಹರಡಿದರೆ ಅದು ಬರೀ ಬೆವರುಸಾಲೆ ಅಲ್ಲದಿರಬಹುದು. ಡಾಕ್ಟರಿಗೆ ತೋರಿಸಿ.