ಅವರು ಅಂದ್ರೆ ಯಾವ ಅವರು?

ಮೊನ್ನೆ ನಮ್ಮ ಆಫೀಸಿನ ಟೆರೇಸಿನ ಟ್ಯಾಂಕು ತುಂಬಿ ಹರಿದು, ಕೆಳಗಿನ ಮಹಡಿಯ ಫೈಲುಗಳು ನೆನೆದು ಹೋದವು. ಅದಕ್ಕೆ ನನಗೇನೂ ಅಷ್ಟು ಬೇಜಾರಿಲ್ಲ. ಆ ಫೈಲುಗಳನ್ನು ಹೇಗೂ ಜಿರಲೆ ಬಿಟ್ಟು ಬೇರೆ ಯಾರೂ ನೋಡುತ್ತಿರಲಿಲ್ಲ. ನನ್ನ ತಲೆ ಕೆಟ್ಟದ್ದು ಅದರ ವರದಿ ಓದಿ. ಬರೆದವರು ನಮ್ಮ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಅಕ್ಷರವೂ ಮುತ್ತಿನಂಥದ್ದು. ನೀವೇ ಓದಿ:

"ಮಧ್ಯಾಹ್ನ ಎಲೆಕ್ಟ್ರಿಷಿಯನ್‌ರವರು ಸೆಕ್ಯುರಿಟಿಯವರನ್ನು ಭೇಟಿಯಾದರು. ಅವರು ಪಂಪ್ ಆಫ್ ಮಾಡಲು ಹೇಳಿದರು. ಅವರು ಆಗಲಿ ಎಂದರು. ನಂತರ ಅವರು ಊಟಕ್ಕೆ ಹೋದರು. ಅವರು ಬಂದು ನೋಡಿದಾಗ ಟ್ಯಾಂಕ್ ತುಂಬಿ ಹರಿಯುತ್ತಿತ್ತು. ಕೂಡಲೇ ಅದನ್ನು ನಿಲ್ಲಿಸಲಾಯಿತು."

ಪಂಪ್ ಆಫ್ ಮಾಡಬೇಕಿದ್ದವರು ಯಾರು? ಹೇಳಿ ನೋಡೋಣ.

ಇಂಥ ವರದಿ ಬಂದಾಗ ನಾನು ಪೆನ್ಸಿಲ್ ಹಿಡಿದು ಕೂರುತ್ತೇನೆ. ಪ್ರತಿ 'ಅವರು' ತಲೆಯ ಮೇಲೆ ಮೊದಲು ಒಬ್ಬರ ಹೆಸರಿಟ್ಟು ಓದುತ್ತೇನೆ, ಆಮೇಲೆ ಇನ್ನೊಬ್ಬರ ಹೆಸರಿಟ್ಟು ಓದುತ್ತೇನೆ. ಒಂದರಲ್ಲಿ ಮಾತ್ರ ಅರ್ಥ ಕೂತರೆ ಮುಂದೆ ಹೋಗುತ್ತೇನೆ. ಎರಡರಲ್ಲೂ ಕೂತರೆ ಸುತ್ತ ಒಂದು ಸೊನ್ನೆ. ಇಲ್ಲಿ ಮೊದಲನೇ 'ಅವರು' ಯಾರೂ ಆಗಬಹುದು. ಎಲೆಕ್ಟ್ರಿಷಿಯನ್ ರಿಪೇರಿಗೆಂದು ಹೇಳಿರಬಹುದು, ಟ್ಯಾಂಕು ತುಂಬಿತೆಂದು ಸೆಕ್ಯುರಿಟಿಯವರೇ ಹೇಳಿರಬಹುದು. ಅದು ಗೊತ್ತಾದರೆ 'ಆಗಲಿ' ಎಂದವರು ತಾನಾಗಿಯೇ ಗೊತ್ತಾಗುತ್ತಾರೆ. ಆದರೆ ಊಟಕ್ಕೆ ಹೋದದ್ದು ಮಾತ್ರ ದೊಡ್ಡ ಒಗಟು. ಹೇಳಿದವರು ಹೋದರಾ, ಹೇಳಿಸಿಕೊಂಡವರು ಹೋದರಾ, ಇಲ್ಲ ಇಬ್ಬರೂ ಒಟ್ಟಿಗೇ ಹೋದರಾ? ನಮ್ಮಲ್ಲಿ ಒಬ್ಬರಿಗೆ ಮರ್ಯಾದೆ ಕೊಟ್ಟರೂ 'ಹೋದರು', ಹತ್ತು ಜನ ಹೋದರೂ 'ಹೋದರು'. 'ಅವರು' ತೆಗೆದು ಹಾಕಿದರೂ ಕ್ರಿಯಾಪದ ಸಹಾಯಕ್ಕೆ ಬರುವುದಿಲ್ಲ. ಕೊನೆಯ ಸಾಲಂತೂ ಇನ್ನೂ ಚೆಂದ. ನಿಲ್ಲಿಸಿದ್ದು ಪಂಪನ್ನೋ ನೀರನ್ನೋ ಗೊತ್ತಿಲ್ಲ, ನಿಲ್ಲಿಸಿದವರಂತೂ ಆ ವಾಕ್ಯದಲ್ಲೇ ಇಲ್ಲ.

ಪಂಪ್ ನೋಡಿಕೊಳ್ಳುವವನು ಚಿಕ್ಕ ಹುಡುಗನಾಗಿದ್ದರೆ ಸೂಪರ್‌ವೈಸರ್ 'ಅವನು' ಅಂತ ಬರೆಯುತ್ತಿದ್ದರು, ಗೊಂದಲವೇ ಇರುತ್ತಿರಲಿಲ್ಲ. ಹಳೆಯ ವರದಿಗಳು ಎಷ್ಟೋ ಸಲ ಸ್ಪಷ್ಟವಾಗಿರುವುದು ಈ ಕಾರಣಕ್ಕೇ. ಒಬ್ಬರು 'ಅವರು', ಇನ್ನೊಬ್ಬ 'ಅವನು', ಯಾರು ಏನು ಮಾಡಿದರೆಂದು ಕತ್ತಲಲ್ಲೂ ಗೊತ್ತಾಗುತ್ತದೆ. ಆ ಥರದ ಸ್ಪಷ್ಟತೆ ನನಗೆ ಬೇಡಪ್ಪ. ಎಲ್ಲರಿಗೂ ಮರ್ಯಾದೆ ಕೊಡಲಿ, ಜೊತೆಗೆ ಹೆಸರನ್ನೂ ಕೊಡಲಿ.

ಇದನ್ನೇ ಅವರಿಗೆ ಹೇಳಿದೆ. (ಸೂಪರ್‌ವೈಸರ್‌ಗೆ. ನೋಡಿ, ಈ ರೋಗ ನನಗೂ ಅಂಟುತ್ತಿದೆ.) "ಆಯ್ತು ಸರ್, ಸರಿ ಮಾಡ್ತೀನಿ" ಅಂತ ಹೋದವರು ಸಂಜೆ ಹೊಸ ಪ್ರತಿ ತಂದರು. ಅದರಲ್ಲಿ "ಇವರು ಅವರಿಗೆ ಹೇಳಿದರು" ಎಂದಿತ್ತು. ಇವರು ಯಾರು, ಅವರು ಯಾರು ಎಂದು ಕೇಳಿದೆ. "ಹತ್ತಿರ ನಿಂತಿದ್ದವರು ಇವರು ಸರ್" ಅಂದರು. ಯಾರ ಹತ್ತಿರ? ಮರುದಿನದ ಪ್ರತಿಯಲ್ಲಿ ಇಬ್ಬರೂ 'ಸದರಿಯವರು' ಆಗಿಬಿಟ್ಟಿದ್ದರು. ಸದರಿಯವರು ಸದರಿಯವರಿಗೆ ತಿಳಿಸಿದರು. ನಾನು ಸುಮ್ನೆ ವಾಪಸ್ ಕೊಟ್ಟೆ.

ಆಮೇಲಿನ ಪ್ರತಿ ನನ್ನ ಕಣ್ಣು ತಪ್ಪಿಸಿ ನೇರ ಮ್ಯಾನೇಜರ್ ಮೇಡಂ ಟೇಬಲ್ಲಿಗೆ ಹೋಯಿತು. ಮೀಟಿಂಗಿನಲ್ಲಿ ಮೇಡಂ ಜೋರಾಗಿ ಓದಿದರು: "ವಿಚಾರಿಸಿದಾಗ, ತಾವು ಪಂಪ್ ಆಫ್ ಮಾಡಿದ್ದಾಗಿಯೂ, ನಂತರ ತಮ್ಮ ಕೈಯಿಂದಲೇ ಮತ್ತೆ ಆನ್ ಆಗಿರಬಹುದೆಂದೂ ತಿಳಿಸಿದರು." ಓದಿ ಕನ್ನಡಕ ತೆಗೆದರು. "ನಾನ್ ಯಾವಾಗ್ರೀ ಪಂಪ್ ಆನ್ ಮಾಡ್ದೆ? ಅವತ್ತು ನಾನು ರಜೆಯಲ್ಲಿದ್ದೆ!" ಸೂಪರ್‌ವೈಸರ್ ಎದ್ದು ನಿಂತು, "ತಾವಲ್ಲ ಮೇಡಂ, ತಾವು ಅಂದ್ರೆ ಅವರು" ಅಂದರು. "ಅವರು ಅಂದ್ರೆ?" "ತಾವು ಅಂತ ಹೇಳಿದವರು ಮೇಡಂ." ಅಕೌಂಟ್ಸಿನವರು ಮುಖ ಮುಚ್ಚಿಕೊಂಡು ಕೆಮ್ಮಿದರು. ಮೇಡಂ ಮಾತ್ರ ನಗಲಿಲ್ಲ. ವರದಿಯ ಅಂಚಿನಲ್ಲಿ 'ನಾನು ಅಲ್ಲ' ಎಂದು ಬರೆದು ಸಹಿ ಹಾಕಿದರು. ಮುಂದೆ ಈ ಫೈಲು ನೋಡುವ ಆಡಿಟರ್ ಆ 'ನಾನು' ಯಾರೆಂದು ಹುಡುಕಲಿ.

ನಮ್ಮಜ್ಜಿ ಬದುಕಿಡೀ ತಾತನ ಹೆಸರು ಹೇಳಿದವರಲ್ಲ. 'ಅವರು ಬಂದ್ರಾ', 'ಅವರಿಗೆ ಕಾಫಿ ಕೊಟ್ರಾ', ಅಷ್ಟೇ. ಮನೆ ತುಂಬ ಗಂಡಸರಿದ್ದರೂ ಕಾಫಿ ಒಂದು ಸಲವೂ ತಪ್ಪಿ ಬೇರೆಯವರಿಗೆ ಹೋಗಲಿಲ್ಲ. ತಾತ ಹೋದ ಮೇಲೂ ಅಜ್ಜಿ 'ಅವರಿಗೆ ಇದು ಇಷ್ಟ' ಅನ್ನುತ್ತಿದ್ದರು, ಯಾರೂ ಯಾರಿಗೆ ಎಂದು ಕೇಳುತ್ತಿರಲಿಲ್ಲ. ಆಫೀಸಿನಲ್ಲಿ ಆ ಸೌಭಾಗ್ಯ ಎಲ್ಲಿ ಬರಬೇಕು?

ಕೊನೆಗೆ ನಾನೇ ಪೆನ್ಸಿಲ್ ಬದಲು ಪೆನ್ನು ಹಿಡಿದೆ. ಸೊನ್ನೆ ಸುತ್ತಿದ ಕಡೆ ಮಾತ್ರ 'ಅವರು' ಹೊಡೆದು ಹಾಕಿ ಖಾಲಿ ಜಾಗ ಬಿಟ್ಟೆ. ಎಲ್ಲ ಕಡೆ ಹೆಸರು ತುರುಕಿದರೆ ವರದಿ ಹಾಜರಿ ಪುಸ್ತಕವಾಗುತ್ತದೆ. ಖಾಲಿ ಜಾಗ ತುಂಬಲು ಇಬ್ಬರಿಗೂ ಫೋನ್ ಮಾಡಿದೆ. ಪಂಪ್ ಆಫ್ ಮಾಡಬೇಕಿದ್ದವರು ಯಾರಪ್ಪಾ?

ಎಲೆಕ್ಟ್ರಿಷಿಯನ್, "ಅವರೇ ಸರ್" ಅಂದರು.

ಸೆಕ್ಯುರಿಟಿಯವರು, "ಅವರೇ ಅಲ್ವಾ ಸರ್?" ಅಂದರು.